ಚಳಿಗೆ ಏಳದ ಹಿಟ್ಟು

ನಾವು ಗೇರುಸೊಪ್ಪದಲ್ಲಿ ಹೋಟೆಲು ಹಾಕಿದ ಮೊದಲ ಚಳಿಗಾಲದಲ್ಲಿ ನಮ್ಮ ದೋಸೆ ಹಿಟ್ಟು ಏಳುವುದನ್ನೇ ನಿಲ್ಲಿಸಿಬಿಟ್ಟಿತು. ಹೋಟೆಲು ಅಂದರೆ ದೊಡ್ಡದೇನಲ್ಲ. ಬಸ್ಸು ನಿಲ್ಲುವ ಜಾಗದ ಎದುರಿಗೆ ತಗಡಿನ ಮಾಡಿನ ಒಂದು ಉದ್ದ ಕೋಣೆ, ಮುಂದೆ ನಾಲ್ಕಾರು ಬೆಂಚು, ಹಿಂದೆ ಅಡುಗೆಗೆ ಒಂದಿಷ್ಟು ಜಾಗ, ಅದರ ಹಿಂದೆ ನಾವಿಬ್ಬರು ಇರುವ ಮನೆ. ಹೊನ್ನಾವರದಿಂದ ಘಟ್ಟ ಹತ್ತುವ ಬಸ್ಸಿನವರು, ಅಣೆಕಟ್ಟಿನ ಕಡೆ ಕೆಲಸಕ್ಕೆ ಹೋಗುವವರು, ಶಾಲೆಯ ಅಕ್ಕೋರು, ಮಾಸ್ತರು ಇವರೇ ನಮ್ಮ ಗಿರಾಕಿಗಳು. ಎಲ್ಲರೂ ಬರುತ್ತಿದ್ದದ್ದು ದೋಸೆಗೆ. ನನ್ನ ಗಂಡನಿಗೆ ಬರುತ್ತಿದ್ದ ದೊಡ್ಡ ಕೆಲಸವೂ ಅದೊಂದೇ.

ಅವರು ಮುರ್ಡೇಶ್ವರದ ಹತ್ತಿರದ ಮೀನುಗಾರರ ಮನೆಯ ಮಗ. ಅಪ್ಪ, ಅಜ್ಜ, ಚಿಕ್ಕಪ್ಪ ಎಲ್ಲರೂ ಕಡಲಿಗೆ ಹೋದವರು. ಇವರನ್ನೂ ದೋಣಿ ಹತ್ತಿಸಿ ನೋಡಿದರು. ಆದರೆ ಕಡಲು ಇವರ ಹೊಟ್ಟೆಗೆ ಹಿಡಿಸಲಿಲ್ಲ. ದಂಡೆ ಕಣ್ಣಿಗೆ ಮರೆಯಾಗುವ ಮೊದಲೇ ವಾಂತಿ ಶುರುವಾಗುತ್ತಿತ್ತು. ಬಲೆ ಎಳೆಯುವ ಹೊತ್ತಿಗೆ ಇವರನ್ನೇ ಎಳೆದು ಮಲಗಿಸಬೇಕಾಗುತ್ತಿತ್ತು. ಒಂದು ವರ್ಷ ಹಾಗೇ ಒದ್ದಾಡಿ, ಕೊನೆಗೆ ದೋಣಿ ಬಿಟ್ಟು ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದರು. ಅಲ್ಲಿಂದ ಹಿಟ್ಟು ರುಬ್ಬುವುದಕ್ಕೆ, ಅಲ್ಲಿಂದ ಕಾವಲಿಯ ಮುಂದೆ ಬಂದು ನಿಂತರು.

ನನ್ನ ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. ಆಕೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಭಟ್ಕಳದ ಪೇಟೆಯವರೆಗೆ ಹೋಗಿ ಮಾರಿಬರುತ್ತಿದ್ದ ಹೆಂಗಸು. ಕನ್ನಡ, ಕೊಂಕಣಿ ಎರಡರಲ್ಲೂ ಚೌಕಾಸಿ ಮಾಡುತ್ತಿದ್ದರು. ಭಟ್ಕಳದ ಮುಸ್ಲಿಮರ ಮನೆಗಳ ಬಾಗಿಲಲ್ಲಿ ಅವರ ನವಾಯತಿ ಭಾಷೆಯಲ್ಲೂ ನಾಲ್ಕು ಮಾತು ಆಡಿ ನಗಿಸಿ ಬರುತ್ತಿದ್ದರು. ಅಂಥವರು ಮಗನ ವಿಷಯ ಬಂದರೆ ಮಾತ್ರ ಬಾಯಿ ಮುಚ್ಚಿಬಿಡುತ್ತಿದ್ದರು. ಜಗಳವೇನೂ ಆಗಿರಲಿಲ್ಲ. ಊಟ ಬಡಿಸುತ್ತಿದ್ದರು, ಜ್ವರ ಬಂದರೆ ಕಷಾಯ ಕೊಡುತ್ತಿದ್ದರು. ಆದರೆ ಮಗ ದೋಸೆ ಮಾಡುತ್ತಿದ್ದ ಹೋಟೆಲಿನ ಮುಂದೆ ದಿನಾ ಹಾದುಹೋದರೂ ಒಮ್ಮೆಯೂ ಒಳಗೆ ಕಾಲಿಡಲಿಲ್ಲ. ನಾನು ಕುಮಟೆಯ ಕಡೆಯ ತರಕಾರಿ ಬೆಳೆಯುವ ಮನೆಯಿಂದ ಮದುವೆಯಾಗಿ ಬಂದವಳು. ತಾಯಿ ಮಗನ ನಡುವಿನ ಈ ಮೌನ ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಗೇರುಸೊಪ್ಪಕ್ಕೆ ಬಂದ ಮೇಲೆ ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಮಳೆ ಮುಗಿದು ಬಿಸಿಲು ಬಿದ್ದಿತ್ತು. ಸಂಜೆ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆಯ ಕಂಠದವರೆಗೆ ಬಂದು ನಿಂತಿರುತ್ತಿತ್ತು. ದೀಪಾವಳಿ ಕಳೆದು ತಿಂಗಳಾಗುವಷ್ಟರಲ್ಲಿ ಹೊಳೆಯ ಕಡೆಯಿಂದ ಮಂಜು ಏಳತೊಡಗಿತು. ಶರಾವತಿಯ ಎರಡೂ ಬದಿಗೆ ಗುಡ್ಡ. ನಡುವೆ ತಂಪು ಬಂದು ಕೂತರೆ ಬಿಸಿಲು ಮೇಲೇರುವ ತನಕ ಏಳುತ್ತಿರಲಿಲ್ಲ. ಕಡಲ ದಂಡೆಯ ಊರಲ್ಲಿ ಚಳಿ ಅಂದರೆ ಒಂದು ಹೊದಿಕೆಯಲ್ಲಿ ಮುಗಿಯುವ ಮಾತು. ಇಲ್ಲಿ ಮಾಡಿನ ತಗಡು ಮುಟ್ಟಿದರೆ ಕೈ ಕೊರೆಯುತ್ತಿತ್ತು.

ಒಂದು ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಹಿಟ್ಟು ಹಿಂದಿನ ಸಂಜೆ ಬಿಟ್ಟಲ್ಲೇ ಇತ್ತು. ಗುಳ್ಳೆ ಇಲ್ಲ, ಹುಳಿ ವಾಸನೆ ಇಲ್ಲ. ಸೌಟು ಹಾಕಿದರೆ ಸುಣ್ಣದ ನೀರಿನ ಹಾಗೆ ಜಾರಿತು. ಕಾವಲಿಗೆ ಹೊಯ್ದ ದೋಸೆಯ ಮೇಲೆ ಒಂದು ಕಣ್ಣೂ ಬೀಳಲಿಲ್ಲ. ಬಿಳುಚಿಕೊಂಡು, ತಣ್ಣಗಾದ ಕೂಡಲೇ ಚರ್ಮದ ಹಾಗೆ ಬಿರುಸಾಯಿತು. ಏನೋ ಒಂದು ದಿನ ಹೀಗಾಯಿತು ಅಂದುಕೊಂಡೆವು. ಮರುದಿನವೂ ಹಾಗೇ. ಉದ್ದು ಹಳೆಯದು ಅಂತ ಅಂಗಡಿ ಬದಲಿಸಿದೆವು, ಅಕ್ಕಿ ಬದಲಿಸಿದೆವು. ಏನೂ ಆಗಲಿಲ್ಲ.

ನನ್ನ ಗಂಡ ಸೋಡಾ ಹಾಕತೊಡಗಿದರು. ಕಾವಲಿಯ ಮೇಲೆ ದೋಸೆ ಉಬ್ಬಿತು, ತೂತೂ ಬಿದ್ದವು. ಆದರೆ ರುಚಿ ಇಲ್ಲ. ಹುಳಿಯಿಲ್ಲದ ಹಿಟ್ಟಿಗೆ ಹಾಕಿದ ಸೋಡಾ ನಾಲಗೆಗೆ ಸಾಬೂನು ತಾಗಿದ ಹಾಗೆ ಆಗುತ್ತಿತ್ತು. ದಿನಾ ನಮ್ಮಲ್ಲೇ ತಿನ್ನುತ್ತಿದ್ದ ಬಸ್ಸಿನ ಡ್ರೈವರು ಅರ್ಧ ದೋಸೆ ಹಾಗೇ ಬಿಟ್ಟು, "ಎಂತ ಭಟ್ರೆ, ಇದು ದೋಸೆಯಾ, ಔಷಧವಾ?" ಎಂದ. ದೋಸೆ ಮಾಡುವವರನ್ನೆಲ್ಲ ಭಟ್ರೇ ಅನ್ನುವುದು ಅವನ ರೂಢಿ. ಬೇರೆ ದಿನವಾದರೆ ಇವರು ನಗುತ್ತಿದ್ದರು. ಅವತ್ತು ನಗಲಿಲ್ಲ. ಮರುದಿನದಿಂದ ಆ ಬಸ್ಸು ನಮ್ಮೆದುರು ಬರೀ ಜನ ಇಳಿಸಿ ಹೋಗತೊಡಗಿತು.

"ಮುಚ್ಚಿಬಿಡುವ. ನಂಗೆ ಕಡಲೂ ಆಗ್ಲಿಲ್ಲ, ಇದೂ ಆಗುದಿಲ್ಲ" ಎಂದರು ಇವರು, ಮಧ್ಯಾಹ್ನ ಖಾಲಿ ಬೆಂಚಿನ ಮೇಲೆ ಕೂತು. ಅಷ್ಟು ವರ್ಷದಲ್ಲಿ ಕಡಲಿನ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅದೇ ಹೊತ್ತಿಗೆ ಅತ್ತೆಯ ಫೋನು ಬಂತು. ಒಣ ಸಿಗಡಿ ಕಟ್ಟಿಟ್ಟಿದ್ದೇನೆ, ಬಸ್ಸಿಗೆ ಕೊಟ್ಟು ಕಳಿಸಲಾ ಎಂದು ಕೇಳಲು ಮಾಡಿದ್ದರು. ನಾನು ಹೂಂ ಅನ್ನುವ ಬದಲು ಅತ್ತುಬಿಟ್ಟೆ. "ಎಂತ ಆತು ಹೆಣ್ಣೇ?" ಎಂದು ಅವರು ಗಾಬರಿಯಾದರು. ಹೇಳಿದೆ. ಹಿಟ್ಟು ಏಳುವುದಿಲ್ಲ ಎಂದು ಯಾರಾದರೂ ಅಳುತ್ತಾರೆಯೇ ಎಂದು ಬೈಯಬಹುದಿತ್ತು. ಅವರು ಎಲ್ಲ ಕೇಳಿಸಿಕೊಂಡು ಫೋನು ಇಟ್ಟರು.

ಮರುದಿನ ಸಿಗಡಿಯ ಗಂಟು ಕಂಕುಳಲ್ಲಿಟ್ಟುಕೊಂಡು ಬಸ್ಸಿನಿಂದ ಅವರೇ ಇಳಿದರು. ಮಗನ ಹೋಟೆಲಿನ ಎದುರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೆಂಚುಗಳ ನಡುವಿನಿಂದ ಬಾರದೆ, ಪಕ್ಕದ ದಾರಿಯಲ್ಲಿ ಸುತ್ತಿ ಹಿಂದಿನ ಬಾಗಿಲಿನಿಂದ ಒಳಗೆ ಬಂದರು.

ಸೀರೆ ಬದಲಿಸುವ ಮೊದಲೇ ಹಿಟ್ಟಿನ ಪಾತ್ರೆಗೆ ಕೈ ಹಾಕಿದರು. ಹಾಕಿದ ಕೈ ಹಾಗೇ ಹಿಂದೆ ತೆಗೆದರು.

"ಇದೆಂತದಿದು, ಐಸಲ್ಲಿಟ್ಟ ಬಂಗಡೆ ಹಾಂಗೆ ಕೊರೀತದೆ!"

"ಚಳಿ ಅಲ್ವಾ ಅತ್ತೆ" ಎಂದೆ.

"ಮತ್ತೆ ಹೇಂಗೆ ಏಳ್ತದೆ? ನಾವು ಮೀನಿಗೆ ಐಸು ಎಂತಕೆ ಹಾಕುದು? ಕೊಳೀಬಾರದು ಹೇಳಿ. ತಂಪಲ್ಲಿ ಮೀನೂ ಕೊಳಿಯುದಿಲ್ಲ, ಹಿಟ್ಟೂ ಹುಳಿ ಬರುದಿಲ್ಲ. ನೀವು ಹಿಟ್ಟನ್ನ ಕೆಡದ ಹಾಂಗೆ ಇಡ್ತಾ ಇದ್ರಿ, ಎಬ್ಬಿಸ್ತಾ ಇಲ್ಲ."

ಅತ್ತೆಯ ಮನೆಯಲ್ಲಿ ದೋಸೆ ಅಪರೂಪ. ಅವರಿಗೆ ಗೊತ್ತಿದ್ದದ್ದು ಮೀನು ಮತ್ತು ಐಸು ಅಷ್ಟೇ. ಆದರೆ ಆ ಮಾತು ಕೇಳಿ ನನ್ನ ಗಂಡ ಕಾವಲಿ ಉಜ್ಜುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಆಮೇಲೆ ನಿಧಾನವಾಗಿ ಮಾತಾಡತೊಡಗಿದರು. ತಾಯಿಗಲ್ಲ, ನನಗೆ ಹೇಳುತ್ತಿರುವ ಹಾಗೆ. ಮುರ್ಡೇಶ್ವರದ ಸೆಕೆಯಲ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಚೆಲ್ಲಿ ಅತಿ ಹುಳಿಯಾಗಿಬಿಡುತ್ತಿತ್ತಂತೆ. ಅದಕ್ಕೇ ಅಲ್ಲಿ ತಣ್ಣೀರು ಹಾಕಿ ರುಬ್ಬುವುದು, ರುಬ್ಬಿದ ಕೂಡಲೇ ಉಪ್ಪು ಬೆರೆಸುವುದು, ಸ್ಟೀಲಿನ ಪಾತ್ರೆಯನ್ನು ತಂಪಾದ ನೆಲದ ಮೇಲಿಡುವುದು, ಆದಷ್ಟು ತಡವಾಗಿ ರುಬ್ಬುವುದು. ಹುಳಿಯನ್ನು ಹಿಂದಕ್ಕೆ ಹಿಡಿದಿಡುವ ಕೆಲಸವೇ ಅವರು ಅಲ್ಲಿ ಕಲಿತ ಕೆಲಸ. ಅದೇ ಕೆಲಸವನ್ನು ಈ ಚಳಿಯಲ್ಲೂ ತಪ್ಪದೆ ಮಾಡುತ್ತ ಬಂದಿದ್ದರು.

"ಹಾಂಗಾರೆ ಎಲ್ಲ ಉಲ್ಟಾ ಮಾಡು" ಎಂದರು ಅತ್ತೆ, ಗೋಡೆಯ ಕಡೆ ನೋಡುತ್ತ.

ಮೊದಲ ಪ್ರಯತ್ನ ಅತ್ತೆಯದೇ. ಬೆಚ್ಚಗೆ ಬೇಕು ಎಂದು ಹಿಟ್ಟಿನ ಪಾತ್ರೆಯನ್ನು ಬಚ್ಚಲೊಲೆಯ ಕೆಂಡದ ಪಕ್ಕಕ್ಕೆ ಒತ್ತಿ ಇಟ್ಟರು. ಬೆಳಿಗ್ಗೆ ನೋಡಿದರೆ ಒಲೆಯ ಕಡೆಯ ಅರ್ಧ ಹಿಟ್ಟು ಬೆಂದು ಇಡ್ಲಿಯ ಹಾಗೆ ಗಟ್ಟಿಯಾಗಿತ್ತು. ಆಚೆ ಕಡೆಯದು ಹೇಗಿತ್ತೋ ಹಾಗೇ ಇತ್ತು. ಅತ್ತೆ ಆ ಬೆಂದ ಗಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಬೆಚ್ಚಗೆ ಅಂದ್ರೆ ಬಿಸಿ ಅಲ್ಲ ಕಾಣ್ತದೆ" ಎಂದರು. ಅವತ್ತು ನಾವು ಅವಲಕ್ಕಿ ಒಗ್ಗರಣೆ ಮಾಡಿ ಮಾರಿದೆವು.

ಆಮೇಲೆ ಎಲ್ಲವನ್ನೂ ಒಂದೊಂದಾಗಿ ಬದಲಿಸುತ್ತ ಹೋದೆವು. ಅಕ್ಕಿ, ಉದ್ದನ್ನು ಉಗುರು ಬೆಚ್ಚಗಿನ ನೀರಲ್ಲಿ ನೆನೆಹಾಕಿದೆ. ಉದ್ದಿನ ಜೊತೆ ಒಂದು ಚಿಟಿಕೆ ಮೆಂತ್ಯ, ರುಬ್ಬುವಾಗ ಒಂದು ಹಿಡಿ ನೆನೆಸಿದ ಅವಲಕ್ಕಿ. ಮೆಂತ್ಯ ನಮ್ಮಮ್ಮ ಹಾಕುತ್ತಿದ್ದದ್ದು. ಕುಮಟೆಯ ಮನೆಯಲ್ಲಿ ಒರಳಿನ ಮುಂದೆ ಕೂತು, ಗುಂಡು ತಿರುಗುವ ಲಯಕ್ಕೆ ಹಾಡು ಹೇಳುತ್ತ ರುಬ್ಬುತ್ತಿದ್ದ ಅಮ್ಮನ ಪಕ್ಕದಲ್ಲಿ ಕೂತು ಕಾಳು ದೂಡಿಕೊಡುತ್ತಿದ್ದ ನೆನಪು ಅಷ್ಟು ವರ್ಷಗಳ ಮೇಲೆ ನನಗೆ ಬಂದದ್ದು ಆಗಲೇ. ಗ್ರೈಂಡರಿನ ಸದ್ದಿನ ನಡುವೆ ನಾನೂ ಒಂದೆರಡು ಸಾಲು ಗುನುಗಿದೆ. ಅತ್ತೆ, "ಅದನ್ನೇ ಇನ್ನೊಂದು ಸಲ ಹೇಳು" ಎಂದರು.

ಸಂಜೆಯ ಬದಲು ಮಧ್ಯಾಹ್ನವೇ ರುಬ್ಬಿ, ಚಳಿಯಲ್ಲಿ ಹಿಟ್ಟಿಗೆ ಬೇಕಾದ ಹೆಚ್ಚು ಹೊತ್ತನ್ನು ಕೊಟ್ಟೆವು. ನೀರು ಕಡಿಮೆ ಹಾಕಿ ಗಟ್ಟಿಯಾಗಿಟ್ಟೆವು. ತೆಳುವಾದರೆ ಹಿಟ್ಟಿನೊಳಗಿನ ಗಾಳಿ ನಿಲ್ಲದೆ ಹೋಗಿಬಿಡುತ್ತದೆ. ಉಪ್ಪನ್ನು ಬೆಳಿಗ್ಗೆಗೆ ಬಿಟ್ಟೆವು. ಸೌಟಿನ ಬದಲು ಅತ್ತೆ ಕೈಯಿಂದಲೇ ಚೆನ್ನಾಗಿ ಕಲಸಿದರು. ಪಾತ್ರೆಯನ್ನು ನೆಲದಿಂದ ಎತ್ತಿ ಮಣೆಯ ಮೇಲಿಟ್ಟು, ಸುತ್ತ ಗೋಣಿ, ಅದರ ಮೇಲೆ ಒಂದು ಹಳೆ ಕಂಬಳಿ ಸುತ್ತಿ, ಒಲೆಯಿಂದ ಒಂದು ಮಾರು ದೂರದಲ್ಲಿ, ಕೈಗೆ ಹಿತವಾದ ಕಾವು ತಾಗುವ ಕಡೆ ಇಟ್ಟೆವು. ಕಂಬಳಿ ಹೊದ್ದ ಆ ಪಾತ್ರೆ ಮೂಲೆಯಲ್ಲಿ ಯಾರೋ ಜ್ವರ ಬಂದವರು ಕೂತ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಕಂಬಳಿ ಬಿಚ್ಚಿದ್ದು ನನ್ನ ಗಂಡ. ಮುಚ್ಚಳ ತೆಗೆದವರು ಪಾತ್ರೆಯನ್ನೇ ಎತ್ತಿ ನಮ್ಮ ಮುಂದೆ ತಂದಿಟ್ಟರು. ಹಿಟ್ಟು ಮುಕ್ಕಾಲು ಪಾಲು ಎದ್ದಿತ್ತು. ಮೇಲೆಲ್ಲ ಸಣ್ಣ ಗುಳ್ಳೆ, ಮೂಗಿಗೆ ಹದವಾದ ಹುಳಿ. ಅದರಲ್ಲೇ ಒಂದು ಸೌಟು ತೆಗೆದಿಟ್ಟು ಮರುದಿನದ ಹೊಸ ಹಿಟ್ಟಿಗೆ ಬೆರೆಸಿದ ಮೇಲೆ ಪೂರ್ತಿ ಏಳತೊಡಗಿತು. ಡ್ರೈವರು ಬಸ್ಸು ನಿಲ್ಲಿಸಿ ಮತ್ತೆ ಒಳಗೆ ಬಂದ. ಎರಡು ಸಲ ಹೇಳಿ ದೋಸೆ ತರಿಸಿಕೊಂಡು ತಿಂದ.

ಹಾಗೆ ಒಂದು ವಾರ ಕಳೆಯುವಷ್ಟರಲ್ಲಿ ಶಾಲೆಯ ದೊಡ್ಡ ಅಕ್ಕೋರು ಬಂದರು. ಅವರು ವಿಜ್ಞಾನ ಕಲಿಸುತ್ತಿದ್ದವರು, ತುಂಬ ಸರಳ ಹೆಂಗಸು. ಶಾಲೆಯ ಆಟದ ದಿನ ಸುತ್ತಲಿನ ಶಾಲೆಯ ಮಕ್ಕಳೂ ಬರುತ್ತಾರೆ, ಎಲ್ಲರಿಗೂ ಬೆಳಗಿನ ತಿಂಡಿಗೆ ದೋಸೆ ಆಗಬಹುದಾ ಎಂದು ಕೇಳಿದರು. ಅತ್ತೆ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತುತ್ತಿದ್ದದ್ದನ್ನು ನೋಡಿ ಕುತೂಹಲದಿಂದ ಹತ್ತಿರ ಹೋಗಿ ಕೂತರು. ಅತ್ತೆ ಐಸಿನ ಮೀನಿನ ಕಥೆ ಹೇಳಿದರು. ಅಕ್ಕೋರಿಗೆ ಬಹಳ ಖುಷಿಯಾಯಿತು.

"ಅದೇ ಅಮ್ಮ. ಕಾಳಲ್ಲಿ, ನಮ್ಮ ಕೈಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರ್ತವೆ. ಅವು ಹಿಟ್ಟನ್ನ ತಿಂದು ಹುಳಿ ಮಾಡ್ತವೆ, ಗಾಳಿ ಬಿಡ್ತವೆ. ಉದ್ದಿನ ಲೋಳೆ ಆ ಗಾಳಿಯನ್ನ ಹಿಡಿದಿಡ್ತದೆ, ಅದಕ್ಕೇ ಹಿಟ್ಟು ಉಬ್ಬುದು. ಚಳಿಯಲ್ಲಿ ಅವು ಸಾಯುದಿಲ್ಲ, ನಿಧಾನ ಆಗ್ತವೆ ಅಷ್ಟೇ."

"ಕೆಂಡದ ಹತ್ರ ಇಟ್ರೆ?" ಎಂದು ಅತ್ತೆ ಕೇಳಿದರು.

"ಅಲ್ಲಿ ಸಾಯ್ತವೆ."

"ನಾ ಒಂದು ಸಲ ಸಾಯ್ಸಿದ್ದೆ" ಎಂದರು ಅತ್ತೆ, ಬೇಸರದ ದನಿಯಲ್ಲಿ. ಅಕ್ಕೋರಿಗೆ ನಗು ತಡೆಯಲಾಗಲಿಲ್ಲ.

ಆಟದ ದಿನಕ್ಕೆ ಎಂದೂ ಇಲ್ಲದಷ್ಟು ಹಿಟ್ಟು ರುಬ್ಬಿದೆವು. ದೇವಸ್ಥಾನದಿಂದ ಕೇಳಿ ತಂದ ಎರಡು ದೊಡ್ಡ ಪಾತ್ರೆ ತುಂಬಿದವು. ಗೋಣಿ ಸುತ್ತಿದೆವು, ಇದ್ದ ಹೊದಿಕೆಗಳನ್ನೆಲ್ಲ ಹೊದಿಸಿದೆವು. ಆದರೆ ಅವತ್ತಿನಂಥ ಚಳಿ ಆ ವರ್ಷ ಮತ್ತೆ ಬೀಳಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ರಸ್ತೆಯೇ ಮಂಜಿನಲ್ಲಿ ಮಾಯವಾಗಿತ್ತು. ಹಿಟ್ಟು ಅಂಚಿನಲ್ಲಿ ಸ್ವಲ್ಪ ಗುಳ್ಳೆ ಬಿಟ್ಟಿತ್ತು, ನಡುವೆ ಕೈ ಇಳಿಸಿದರೆ ಕೊರೆಯುವ ತಂಪು.

ನನ್ನ ಗಂಡ ಸೋಡಾದ ಡಬ್ಬಿ ಕೈಗೆತ್ತಿಕೊಂಡರು.

"ಅದ್ನ ಕೆಳಗಿಡು ಮಗಾ" ಎಂದರು ಅತ್ತೆ. ಮಗಾ ಎಂದು ಅವರು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಸತ್ತಿಲ್ಲಲ, ನಿಧಾನ ಆಗ್ಯದೆ ಅಷ್ಟೇ. ದೊಡ್ಡ ಐಸಿನ ಗಡ್ಡೆ ಬೇಗ ಕರಗ್ತದಾ? ಒಡೆದು ಚೂರು ಮಾಡಿದ್ರೆ ಕರಗ್ತದೆ. ಇದ್ನೂ ಸಣ್ಣ ಸಣ್ಣ ಪಾತ್ರೆಗೆ ಹಾಕು. ನಾ ಶಾಲೆಗೆ ಹೋಗಿ ಬತ್ತೆ."

ಸೆರಗನ್ನು ತಲೆಗೆ ಸುತ್ತಿಕೊಂಡು ಮಂಜಿನಲ್ಲಿ ನಡೆದೇಬಿಟ್ಟರು. ನಾವಿಬ್ಬರು ಮನೆಯಲ್ಲಿದ್ದ ಪಾತ್ರೆ, ಬೋಗುಣಿ, ಪಕ್ಕದ ಮನೆಯವರ ಬಕೇಟು ಎಲ್ಲಕ್ಕೂ ಹಿಟ್ಟನ್ನು ಅರ್ಧರ್ಧ ಹಂಚಿದೆವು. ಉಗುರು ಬೆಚ್ಚಗಿನ ನೀರು ತುಂಬಿದ ಅಗಲದ ಬಾನಿಗಳಲ್ಲಿ ಕೆಲವನ್ನು ಇಳಿಬಿಟ್ಟೆವು. ನೀರು ತಣ್ಣಗಾದಂತೆ ಸ್ವಲ್ಪ ಸ್ವಲ್ಪ ಬಿಸಿ ಬೆರೆಸುತ್ತ, ಪ್ರತಿ ಸಲವೂ ನಾನು ಕೈ ಅದ್ದಿ ನೋಡುತ್ತಿದ್ದೆ. ಉಳಿದವನ್ನು ಒಲೆಯಿಂದ ದೂರ ಸಾಲಾಗಿ ಇಟ್ಟೆವು. ಸೂರ್ಯ ಗುಡ್ಡದ ಮೇಲೆ ಬಂದ ಕೂಡಲೇ ಅವನ್ನೆಲ್ಲ ಹೊತ್ತು ಅಂಗಳದ ಬಿಸಿಲಿಗೆ ತಂದೆವು.

ಅತ್ತೆ ತಿರುಗಿ ಬಂದು ಸುದ್ದಿ ಹೇಳಿದರು. ಅಕ್ಕೋರು ಮೊದಲು ಓಟ, ಹಗ್ಗ ಜಗ್ಗಾಟ ಎಲ್ಲ ಮುಗಿಸಿ ಆಮೇಲೆ ತಿಂಡಿ ಎಂದು ಬದಲಿಸಿದ್ದರು. ಅಲ್ಲಿಯ ತನಕ ಮಕ್ಕಳಿಗೆ ಬೆಲ್ಲ ಹಾಕಿದ ಬಿಸಿ ಹಾಲು. "ಹಿಟ್ಟು ಇನ್ನೂ ಏಳ್ಲಿಲ್ಲ ಹೇಳಿದೆ. ಅಕ್ಕೋರು ನಮ್ಮ ಮಕ್ಕಳೂ ಅರ್ಧ ಜನ ಇನ್ನೂ ಏಳ್ಲಿಲ್ಲ, ಅಡ್ಡಿಲ್ಲ ಅಂದ್ರು."

ಅಂಗಳದಲ್ಲಿ ನಾವು ಮೂವರೂ ಪಾತ್ರೆಗಳ ನಡುವೆ ಕೂತೆವು. ಶಾಲೆಯ ಕಡೆಯಿಂದ ಸೀಟಿಯ ಸದ್ದು, ಮಕ್ಕಳ ಕೂಗು ಕೇಳುತ್ತಿತ್ತು. ಪದೇ ಪದೇ ಮುಚ್ಚಳ ತೆಗೆಯಬೇಡ ಎಂದು ಅತ್ತೆ ನನ್ನ ಕೈಗೆ ಹೊಡೆದರು. ಆ ಕಾಯುವಿಕೆಯಲ್ಲೇ ನನ್ನ ಗಂಡ ಇದ್ದಕ್ಕಿದ್ದ ಹಾಗೆ, "ಅಪ್ಪನೂ ಹೀಗೇ ಕೂತ್ಕಳ್ತಿದ್ದ, ಬಲೆ ಬಿಟ್ಟು" ಎಂದರು. ಅತ್ತೆ ಹೂಂ ಎಂದರು. ಪಕ್ಕದ ಪಾತ್ರೆಯನ್ನು ಬಿಸಿಲಿಗೆ ಸರಿಸುತ್ತ, "ನಿನ್ನ ಅಪ್ಪಂಗೂ ಮೊದಮೊದಲು ವಾಂತಿ ಬತ್ತಿತ್ತು. ಯಾರಿಗೂ ಹೇಳ್ತಿರ್ಲಿಲ್ಲ" ಎಂದರು. ಇವರು ತಾಯಿಯ ಮುಖ ನೋಡಿದರು. ಅತ್ತೆ ಬೇರೆ ಕಡೆ ನೋಡುತ್ತಿದ್ದರು.

ಬಿಸಿಲು ಮೈಗೆ ಚುರುಕು ಎನ್ನಿಸುವ ಹೊತ್ತಿಗೆ ಬಾನಿಯೊಳಗಿನ ಒಂದು ಬೋಗುಣಿಯ ಮುಚ್ಚಳ ತಾನಾಗಿ ಸ್ವಲ್ಪ ಮೇಲೆದ್ದಿತು. ಆಮೇಲೆ ಒಂದೊಂದಾಗಿ ಉಳಿದವೂ ಎದ್ದವು. ಉಪ್ಪು ಹಾಕಿ ಹಗುರಾಗಿ ತಿರುವಿ ಕಾವಲಿಗೆ ಹೊಯ್ದಾಗ ದೋಸೆ ಚೊಂಯ್ ಎಂದು ಮೈತುಂಬ ಕಣ್ಣು ಬಿಟ್ಟಿತು. ಆ ಮೊದಲ ದೋಸೆಯನ್ನು ಇವರು ಬಾಳೆಲೆಯ ಚೂರಿನ ಮೇಲೆ ಹಾಕಿ ತಾಯಿಯ ಮುಂದೆ ಹಿಡಿದರು. ಅತ್ತೆ ನಿಂತಲ್ಲೇ ಮುರಿದು ಬಾಯಿಗಿಟ್ಟರು.

"ಹೇಂಗದೆ?" ಎಂದು ನಾನೇ ಕೇಳಿದೆ.

"ಚಟ್ನಿಗೆ ಉಪ್ಪು ಕಮ್ಮಿ" ಎಂದರು. ದೋಸೆಯನ್ನು ಮಾತ್ರ ಪೂರ್ತಿ ತಿಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಾಲೆಯಿಂದ ಬಂದ ಮಕ್ಕಳನ್ನು ಮೀನು ಮಾರುವ ಗಂಟಲಲ್ಲಿ ಸಾಲಾಗಿ ಕೂರಿಸಲು ಹೊರಟರು. ಓಡಿ ದಣಿದಿದ್ದ ಮಕ್ಕಳು ತಿಂದದ್ದನ್ನು ನೋಡಿದರೆ, ಬೆಳಿಗ್ಗೆ ಬೇಗ ಕೊಟ್ಟಿದ್ದರೆ ಅಷ್ಟು ರುಚಿಸುತ್ತಿತ್ತೋ ಇಲ್ಲವೋ ಅನ್ನಿಸಿತು.

ಈಗ ಅತ್ತೆ ಇಲ್ಲ. ಹೋಟೆಲು ಇದೆ, ತಗಡಿನ ಬದಲು ಹಂಚು ಬಂದಿದೆ. ಚಳಿಗಾಲಕ್ಕೆಂದೇ ದಪ್ಪ ಗೋಡೆಯ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬ ತಂದಿದ್ದೇವೆ. ಅದರೊಳಗೆ ಹಿಟ್ಟಿನ ಪಾತ್ರೆಯನ್ನೂ ಒಂದು ಚೊಂಬು ಬಿಸಿನೀರನ್ನೂ ಇಟ್ಟುಬಿಟ್ಟರೆ ಆಯಿತು. ಕೆಲಸ ಸುಲಭವಾಗಿದೆ. ಆದರೂ ಮಂಜು ಬಿದ್ದ ಬೆಳಿಗ್ಗೆ ಆ ಡಬ್ಬ ತೆಗೆಯುವಾಗ ಮನೆಯಲ್ಲಿ ಮೂರನೆಯವರೊಬ್ಬರು ಇದ್ದ ದಿನಗಳು ಕಣ್ಣ ಮುಂದೆ ಬರುತ್ತವೆ.

ಆ ಮೊದಲ ವರ್ಷ ಅವರು ಶಿವರಾತ್ರಿ ಕಳೆಯುವ ತನಕ ನಮ್ಮ ಜೊತೆಯೇ ಇದ್ದರು. ಸೆಕೆ ಶುರುವಾದ ಮೇಲೆ, ಇನ್ನು ನಾನು ಯಾಕೆ ಎಂದು ಗಂಟು ಕಟ್ಟಿದರು. ಹೊರಡುವಾಗ ಒಂದು ಸಣ್ಣ ಕ್ಯಾನು ತಂದು ಮಗನ ಮುಂದಿಟ್ಟು, "ಸ್ವಲ್ಪ ಹಿಟ್ಟು ಹಾಕು, ಕೇರಿಯವ್ರಿಗೆ ದೋಸೆ ಹೊಯ್ದು ಕೊಡ್ತೆ" ಎಂದರು. ಇವರಿಗೆ ಎಷ್ಟು ಸಂತೋಷವಾಯಿತೆಂದರೆ ಕ್ಯಾನಿನ ಬಾಯಿಯವರೆಗೂ ತುಂಬಿಸಿಬಿಟ್ಟರು.

ಮಧ್ಯಾಹ್ನ ಫೋನು ಬಂತು. ಹೊನ್ನಾವರ ದಾಟುವಷ್ಟರಲ್ಲಿ ಬಸ್ಸಿನ ಸೆಕೆಗೆ ಹಿಟ್ಟು ಉಕ್ಕಿ, ಮುಚ್ಚಳ ಹಾರಿ, ಪಕ್ಕದಲ್ಲಿ ಕೂತವರ ಪಂಚೆಯ ಮೇಲೆಲ್ಲ ಇಳಿದಿತ್ತಂತೆ. "ಅಷ್ಟು ತುಂಬ್ಸುದಾ? ಏಳೂಕೆ ಜಾಗ ಬಿಡೂದು ಬೇಡ್ದಾ? ಕಂಡಕ್ಟ್ರು ನಂಗೆ ಎಂತೆಂತ ಬೈದ ಗೊತ್ತದ್ಯಾ?" ಎಂದು ಅತ್ತೆ ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು. ಇವರು ಫೋನು ಕಿವಿಗೆ ಹಿಡಿದು ಬೆಂಚಿನ ಮೇಲೆ ಕೂತರು. ಮೊದಲು ತಪ್ಪಾಯಿತು ಎಂದರು, ಆಮೇಲೆ ನಗು ತಡೆಯಲಾರದೆ ಹೋದರು. ಆ ಕಡೆಯಿಂದಲೂ ನಗು ಬಂತು. ಗಿರಾಕಿಗಳು ಬಂದು ಕೂತರು, ಚಹಾ ಕೇಳಿದರು. ನಾನೇ ಕೊಟ್ಟೆ. ತಾಯಿ ಮಗ ಇನ್ನೂ ಮಾತಾಡುತ್ತಲೇ ಇದ್ದರು.